ಹೆಸರು ಬದಲಾದರೂ ಹಳೆಯ ಸಹೋದ್ಯೋಗಿಗಳಿಗೆ ಸಿಗುವಂತೆ ಲಿಂಕ್ಡ್‌ಇನ್ ಪ್ರೊಫೈಲ್ ತಿದ್ದುವ ಕ್ರಮ: ಸಮಗ್ರ ಮಾರ್ಗದರ್ಶಿ

ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಹೈದರಾಬಾದಿಗೋ ಪುಣೆಗೋ ಬೆಂಗಳೂರಿಗೋ ಹೋಗಿ ನಾಲ್ಕೈದು ವರ್ಷ ದುಡಿದು, ಮದುವೆಯ ನಂತರ ಕೆಲಸ ಬಿಟ್ಟು, ಈಗ ಮತ್ತೆ ಕೆಲಸ ಹುಡುಕುತ್ತಿರುವ ಹೆಣ್ಣುಮಕ್ಕಳ ಪ್ರೊಫೈಲ್‌ಗಳನ್ನು ನೋಡಿಕೊಡುವಾಗ ನನಗೆ ಒಂದೇ ತೊಂದರೆ ಪದೇ ಪದೇ ಎದುರಾಗಿದೆ. ಹೆಸರನ್ನು ಗಂಡನ ಮನೆಯ ಅಡ್ಡಹೆಸರಿಗೆ ಬದಲಿಸಿಕೊಂಡ ದಿನದಿಂದ ಅವರು ಹಳೆಯ ಕಂಪನಿಯವರ ಕಣ್ಣಿಗೆ ಬೀಳುವುದೇ ನಿಂತುಹೋಗಿರುತ್ತದೆ. ಹಿಂದಿನ ಮ್ಯಾನೇಜರ್ ಕೆಲಸ ಕೊಡಲು ಹುಡುಕಿದರೂ ಸಿಕ್ಕಿರುವುದಿಲ್ಲ. ಅವರು ಹುಡುಕುವುದು ತಮಗೆ ನೆನಪಿರುವ ಹೆಸರನ್ನು. ಆ ಹೆಸರು ಪ್ರೊಫೈಲ್‌ನಲ್ಲಿ ಎಲ್ಲಿಯೂ ಉಳಿದಿರುವುದಿಲ್ಲ.

ಹೆಸರು ಬದಲಿಸುವುದು ಐದು ನಿಮಿಷದ ಕೆಲಸವಾದರೂ ಅದನ್ನು ಯಾವ ಕ್ರಮದಲ್ಲಿ ಮಾಡುತ್ತೀರಿ ಎಂಬುದೇ ಮುಖ್ಯ. ಮೊದಲು ಹಳೆಯ ಹೆಸರನ್ನು ಅದಕ್ಕಾಗಿಯೇ ಇರುವ ಜಾಗದಲ್ಲಿ ನೆಲೆಗೊಳಿಸಿ, ಆಮೇಲೆ ಹೊಸ ಹೆಸರನ್ನು ಮುಂದಕ್ಕೆ ತಂದು, ಕೊನೆಗೆ ಹಳೆಯ ಹೆಸರಿನಿಂದ ಹುಡುಕಿದರೆ ಸಿಗುತ್ತದೆಯೇ ಎಂದು ನೋಡಬೇಕು. ಬಹುತೇಕರು ಇದನ್ನು ಹಿಂದುಮುಂದಾಗಿ ಮಾಡುತ್ತಾರೆ.

ವಿವರಿಸಲು ಅನುಕೂಲವಾಗಲೆಂದು ಒಂದು ಕಲ್ಪಿತ ಉದಾಹರಣೆಯನ್ನು ಇಟ್ಟುಕೊಳ್ಳೋಣ. ಸವಿತಾ ಶರಣಪ್ಪ ಬಿರಾದಾರ ಎಂಬವರು ಕಲಬುರಗಿಯಲ್ಲಿ ಎಂಜಿನಿಯರಿಂಗ್ ಮುಗಿಸಿ, 2016ರಿಂದ 2021ರವರೆಗೆ ಹೈದರಾಬಾದಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದರು. ಮದುವೆಯ ನಂತರ ಬೀದರ್‌ಗೆ ಬಂದು ಸವಿತಾ ಮಹೇಶ ಪಾಟೀಲ ಆಗಿದ್ದಾರೆ. ಇವರ ಪ್ರೊಫೈಲನ್ನೇ ಹಂತ ಹಂತವಾಗಿ ತಿದ್ದುತ್ತಾ ಹೋಗೋಣ.

## ಕೈಹಾಕುವ ಮೊದಲು ಬೇಕಾದವು

ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್ ಒಂದಿದ್ದರೆ ಒಳ್ಳೆಯದು. ಮೊಬೈಲ್ ಆ್ಯಪ್‌ನಲ್ಲಿಯೂ ಹೆಸರು ಬದಲಿಸಬಹುದು, ಆದರೆ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ನೋಡಲು ದೊಡ್ಡ ಪರದೆಯೇ ಹಿತ. ಅದರ ಜೊತೆಗೆ ಹಳೆಯ ಕಂಪನಿಯ ರಿಲೀವಿಂಗ್ ಲೆಟರ್, ಈಗ ಬಳಸುತ್ತಿರುವ ಮೊಬೈಲ್ ನಂಬರ್, ಹಳೆಯ ವೈಯಕ್ತಿಕ ಇಮೇಲ್‌ನ ಪಾಸ್‌ವರ್ಡ್, ಹಾಗೂ ನಿಮ್ಮೊಂದಿಗೆ ಲಿಂಕ್ಡ್‌ಇನ್‌ನಲ್ಲಿ ಸಂಪರ್ಕದಲ್ಲಿ ಇಲ್ಲದ ಒಬ್ಬ ಸ್ನೇಹಿತರ ಸಹಾಯ ಬೇಕು. ಕೊನೆಯದು ಅತಿ ಮುಖ್ಯ. ನಿಮ್ಮ ಸ್ವಂತ ಖಾತೆಯಿಂದ ನಿಮ್ಮನ್ನೇ ಹುಡುಕಿಕೊಂಡರೆ ಹೊರಗಿನವರಿಗೆ ಏನು ಕಾಣುತ್ತದೆ ಎಂಬುದು ತಿಳಿಯುವುದಿಲ್ಲ.

ಮದುವೆಯಾದ ಮಾತ್ರಕ್ಕೆ ಹೆಸರು ಬದಲಿಸಲೇಬೇಕೆಂದು ನಮ್ಮ ದೇಶದ ಯಾವ ಕಾನೂನೂ ಹೇಳುವುದಿಲ್ಲ ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸುತ್ತೇನೆ. ಆಧಾರ್, ಪ್ಯಾನ್, ಪಿ.ಎಫ್. ಎಲ್ಲದರಲ್ಲಿಯೂ ತವರುಮನೆಯ ಅಡ್ಡಹೆಸರೇ ಇದ್ದು, ಅದನ್ನು ಬದಲಿಸುವ ಯೋಚನೆ ನಿಮಗಿಲ್ಲದಿದ್ದರೆ, ಪ್ರೊಫೈಲ್‌ನಲ್ಲಿ ಮಾತ್ರ ಹೊಸ ಹೆಸರು ಹಾಕಬೇಡಿ. ದಾಖಲೆಯಲ್ಲಿ ಒಂದು, ಪ್ರೊಫೈಲ್‌ನಲ್ಲಿ ಇನ್ನೊಂದು ಇದ್ದರೆ ಹೊಸ ಕಂಪನಿಯ ಎಚ್.ಆರ್. ವಿಭಾಗಕ್ಕೂ ಗೊಂದಲ, ಹಳೆಯ ಕಂಪನಿಗೂ ಗೊಂದಲ.

## ಹಂತ 1: ಖಾತೆಯ ಬಾಗಿಲನ್ನು ಮೊದಲು ಭದ್ರಪಡಿಸಿಕೊಳ್ಳಿ

ಹೆಸರಿನ ಗೋಜಿಗೆ ಹೋಗುವ ಮೊದಲೇ ಖಾತೆಗೆ ಯಾವ ಇಮೇಲ್ ಜೋಡಿಸಿದ್ದೀರಿ ಎಂದು ನೋಡಿ. `Settings & Privacy` ತೆರೆದು, `Sign in & security` ಅಡಿಯಲ್ಲಿ `Email addresses` ಒತ್ತಿದರೆ ಪಟ್ಟಿ ಕಾಣುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅನೇಕರು ಕಂಪನಿ ಕೊಟ್ಟ ಇಮೇಲ್‌ನಿಂದಲೇ ಖಾತೆ ತೆರೆದಿರುತ್ತಾರೆ, ಮತ್ತು ಕಂಪನಿ ಬಿಟ್ಟ ದಿನವೇ ಆ ಇಮೇಲ್ ಮುಚ್ಚಿಹೋಗಿರುತ್ತದೆ. ಪಾಸ್‌ವರ್ಡ್ ಮರೆತರೆ ಅದನ್ನು ಮರಳಿ ಪಡೆಯುವ ಸಂದೇಶ ಆ ಮುಚ್ಚಿದ ಪೆಟ್ಟಿಗೆಗೇ ಹೋಗುತ್ತದೆ.

ಇದನ್ನು ಮೊದಲ ಹಂತವಾಗಿ ಇಟ್ಟಿದ್ದಕ್ಕೆ ಕಾರಣವಿದೆ. ಖಾತೆಯೊಳಗೆ ಹೋಗಲಾಗದೆ ಸಿಕ್ಕಿಬಿದ್ದಾಗ ಲಿಂಕ್ಡ್‌ಇನ್ ಸರ್ಕಾರಿ ಗುರುತಿನ ಚೀಟಿಯನ್ನು ಕೇಳಬಹುದು. ಆಗ ಚೀಟಿಯಲ್ಲಿ ಒಂದು ಹೆಸರು, ಖಾತೆಯಲ್ಲಿ ಇನ್ನೊಂದು ಹೆಸರು ಇದ್ದರೆ ನೀವೇ ಆ ಖಾತೆಯ ಒಡತಿ ಎಂದು ತೋರಿಸಿಕೊಳ್ಳುವುದು ಕಷ್ಟವಾಗುತ್ತದೆ. ಆದ್ದರಿಂದ ಈಗ ಬಳಸುವ ವೈಯಕ್ತಿಕ ಇಮೇಲನ್ನು ಸೇರಿಸಿ, ಅದಕ್ಕೆ ಬರುವ ದೃಢೀಕರಣದ ಕೊಂಡಿಯನ್ನು ಒತ್ತಿ, ಅದನ್ನೇ ಪ್ರಧಾನ ವಿಳಾಸವನ್ನಾಗಿ ಮಾಡಿ. ಮೊಬೈಲ್ ನಂಬರನ್ನೂ ಸೇರಿಸಿ.

ಹೊಸ ಇಮೇಲ್ ಬಂತೆಂದು ಹಳೆಯ ವೈಯಕ್ತಿಕ ಇಮೇಲನ್ನು ತೆಗೆದುಹಾಕಬೇಡಿ. ಹಳೆಯ ಸಹೋದ್ಯೋಗಿಗಳ ಫೋನಿನಲ್ಲಿ ಉಳಿದಿರುವುದು ಆ ವಿಳಾಸವೇ. ಅವರು ತಮ್ಮ ಸಂಪರ್ಕ ಪಟ್ಟಿಯನ್ನು ಲಿಂಕ್ಡ್‌ಇನ್‌ಗೆ ಜೋಡಿಸಿದಾಗ ನಿಮ್ಮ ಹೊಸ ಹೆಸರು ಅವರಿಗೆ ಗೊತ್ತಿಲ್ಲದಿದ್ದರೂ ಆ ಇಮೇಲ್ ಮೂಲಕ ನೀವು ಅವರ ಕಣ್ಣಿಗೆ ಬೀಳುತ್ತೀರಿ. ಇದು ನಡೆಯಬೇಕಾದರೆ `Visibility` ಅಡಿಯಲ್ಲಿರುವ `Profile discovery using email address` ಮತ್ತು `Profile discovery using phone number` ಎಂಬ ಎರಡು ಸೆಟ್ಟಿಂಗ್‌ಗಳು ತೆರೆದಿರಬೇಕು. ಅಪರಿಚಿತರ ಕಾಟದ ಭಯದಿಂದ ಕೆಲವರು ಇವನ್ನು ಮುಚ್ಚಿರುತ್ತಾರೆ. ಅಂಥವರು ಫೋನ್ ನಂಬರಿನ ದಾರಿಯನ್ನು ಮುಚ್ಚಿ ಇಮೇಲಿನ ದಾರಿಯನ್ನಾದರೂ ತೆರೆದಿಡುವುದು ಒಳಿತು.

### ಹೊಸ ಹೆಸರಿನಲ್ಲಿ ಎರಡನೆಯ ಖಾತೆ ತೆರೆದಿದ್ದರೆ

ನಾನು ನೋಡಿದ ತಪ್ಪುಗಳಲ್ಲಿ ಹೆಚ್ಚು ನಷ್ಟ ಮಾಡಿದ್ದು ಇದೇ. ಹಳೆಯ ಪಾಸ್‌ವರ್ಡ್ ನೆನಪಿಲ್ಲ, ಹೇಗೂ ಹೆಸರು ಬದಲಾಗಿದೆ, ಹೊಸದೇ ತೆರೆದರಾಯಿತು ಎಂದು ಮಾಡಿಬಿಡುತ್ತಾರೆ. ಐದು ವರ್ಷದ ಸಂಪರ್ಕಗಳು, ಮ್ಯಾನೇಜರ್ ಬರೆದುಕೊಟ್ಟ ಶಿಫಾರಸುಗಳು, ಹಳೆಯ ಸಂದೇಶಗಳು ಎಲ್ಲವೂ ಮೊದಲ ಖಾತೆಯಲ್ಲಿಯೇ ಉಳಿಯುತ್ತವೆ. ಹಳೆಯ ಹೆಸರಿನಿಂದ ಹುಡುಕಿದವರಿಗೆ ಸಿಗುವುದು ಯಾರೂ ನೋಡಿಕೊಳ್ಳದ ಆ ಖಾತೆ. ಅಲ್ಲಿಗೆ ಕಳಿಸಿದ ಸಂದೇಶಕ್ಕೆ ಉತ್ತರ ಬಾರದಿದ್ದಾಗ ಆಸಕ್ತಿ ಇಲ್ಲವೇನೋ ಎಂದು ಅವರು ಸುಮ್ಮನಾಗುತ್ತಾರೆ. ಒಬ್ಬರಿಗೆ ಒಂದೇ ಖಾತೆ ಎಂಬುದು ಲಿಂಕ್ಡ್‌ಇನ್‌ನ ನಿಯಮವೂ ಹೌದು.

ಎರಡು ಖಾತೆಗಳಾಗಿದ್ದರೆ ಹಳೆಯದನ್ನೇ ಉಳಿಸಿಕೊಳ್ಳಿ. ಹೊಸ ಖಾತೆಯಲ್ಲಿ ಸೇರಿಕೊಂಡವರಿಗೆ ಹಳೆಯ ಖಾತೆಯಿಂದ ಮತ್ತೊಮ್ಮೆ ವಿನಂತಿ ಕಳಿಸಿ, ಅವರು ಒಪ್ಪಿಕೊಂಡ ಮೇಲೆ ಹೊಸದನ್ನು ಮುಚ್ಚಿ. ಒಂದು ಇಮೇಲ್ ವಿಳಾಸ ಒಂದೇ ಖಾತೆಗೆ ಮಾತ್ರ ಸೇರಬಲ್ಲದು; ಹಾಗಾಗಿ ಈಗ ಬಳಸುವ ಇಮೇಲ್ ಹೊಸ ಖಾತೆಯಲ್ಲಿದ್ದರೆ ಅದನ್ನು ಅಲ್ಲಿಂದ ಬಿಡಿಸಿದ ನಂತರವೇ ಹಳೆಯದಕ್ಕೆ ಸೇರಿಸಲು ಬರುತ್ತದೆ. ‘ಈ ವಿಳಾಸ ಈಗಾಗಲೇ ಬಳಕೆಯಲ್ಲಿದೆ’ ಎಂಬ ಅರ್ಥದ ಸೂಚನೆ ಬಂದರೆ, ನಿಮಗೆ ನೆನಪಿಲ್ಲದ ಎರಡನೆಯ ಖಾತೆಯೊಂದು ಇದೆ ಎಂದೇ ತಿಳಿಯಿರಿ.

## ಹಂತ 2: ಅವರಿಗೆ ನೆನಪಿರುವ ಹೆಸರು ಯಾವುದೆಂದು ಪತ್ತೆ ಮಾಡಿ

ನಿಮ್ಮ ಹಳೆಯ ಹೆಸರು ನಿಮಗೆ ಗೊತ್ತೇ ಇದೆ. ಆದರೆ ಇಲ್ಲಿ ಬೇಕಾಗಿರುವುದು ಸಹೋದ್ಯೋಗಿಗಳು ಟೈಪ್ ಮಾಡುವ ಹೆಸರು, ಮತ್ತು ನಮ್ಮ ಭಾಗದವರ ಮಟ್ಟಿಗೆ ಇವೆರಡೂ ಒಂದೇ ಆಗಿರುವುದು ಅಪರೂಪ.

ನಮ್ಮಲ್ಲಿ ಹೆಣ್ಣುಮಕ್ಕಳ ಪೂರ್ಣ ಹೆಸರಿಗೆ ಸಾಮಾನ್ಯವಾಗಿ ಮೂರು ಭಾಗಗಳು: ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಮದುವೆಯಾದಾಗ ನಡುವಿನ ಹೆಸರೂ ಕೊನೆಯ ಹೆಸರೂ ಎರಡೂ ಒಟ್ಟಿಗೆ ಬದಲಾಗುತ್ತವೆ, ಅಂದರೆ ಮೂರರಲ್ಲಿ ಎರಡು ಭಾಗ ಹೊಸದಾಗುತ್ತವೆ. ಕೆಲವು ಮನೆತನಗಳಲ್ಲಿ ಮದುವೆಯ ಸಮಯದಲ್ಲಿ ಸ್ವಂತ ಹೆಸರನ್ನೇ ಬದಲಿಸುವ ಪದ್ಧತಿಯೂ ಇದೆ. ಅಂಥವರಿಗೆ ಹುಡುಕಲು ಯಾವ ಎಳೆಯೂ ಉಳಿಯುವುದಿಲ್ಲವಾದ್ದರಿಂದ ಮುಂದಿನ ಹಂತಗಳು ಅವರಿಗೆ ಇನ್ನಷ್ಟು ಅಗತ್ಯ.

ಇದರ ಜೊತೆಗೆ ಇಂಗ್ಲಿಷ್ ಕಾಗುಣಿತದ ಸಮಸ್ಯೆ ಬರುತ್ತದೆ. ಕಲಬುರಗಿ, ಬೀದರ್ ಕಡೆ ‘ತ’ ಅಕ್ಷರಕ್ಕೆ `t` ಬರೆಯುವುದು ರೂಢಿ. ಬೆಂಗಳೂರು, ಮೈಸೂರಿನವರೂ ಹೈದರಾಬಾದಿನ ತೆಲುಗು ಸಹೋದ್ಯೋಗಿಗಳೂ ಅದೇ ಅಕ್ಷರಕ್ಕೆ `th` ಬರೆಯುತ್ತಾರೆ. ನೀವು `Savita` ಎಂದು ಬರೆದುಕೊಂಡರೆ ಅವರು `Savitha` ಎಂದು ಹುಡುಕುತ್ತಾರೆ. ಅಡ್ಡಹೆಸರಿನಲ್ಲಿಯೂ ಹಾಗೆಯೇ, `Biradar` ಎಂದು ಒಬ್ಬರು, `Biradhar` ಎಂದು ಇನ್ನೊಬ್ಬರು. ಹುಡುಕಾಟ ಕೆಲವು ವ್ಯತ್ಯಾಸಗಳನ್ನು ಸರಿದೂಗಿಸಿಕೊಂಡರೂ ಅದನ್ನೇ ನಂಬಿ ಕೂರುವಂತಿಲ್ಲ.

ಹಾಗಾದರೆ ಯಾವ ಕಾಗುಣಿತವನ್ನು ಆರಿಸಬೇಕು? ಹಳೆಯ ಕಂಪನಿಯ ಇಮೇಲ್ ವಿಳಾಸದಲ್ಲಿದ್ದ ಕಾಗುಣಿತವನ್ನೇ ಆರಿಸಿ. ದಿನಕ್ಕೆ ಹತ್ತು ಸಲ ಅವರು ಅದನ್ನೇ ನೋಡುತ್ತಿದ್ದರು, ಟೈಪ್ ಮಾಡುತ್ತಿದ್ದರು. ಅದು ಮರೆತಿದ್ದರೆ ರಿಲೀವಿಂಗ್ ಲೆಟರ್ ಅಥವಾ ಸಂಬಳದ ಚೀಟಿಯಲ್ಲಿ ಇರುವುದನ್ನು ನೋಡಿ, ಏಕೆಂದರೆ ಕಂಪನಿಯ ಕಡತದಲ್ಲಿ ಉಳಿದಿರುವುದು ಅದೇ. ನಮ್ಮ ಸವಿತಾ ಅವರ ರಿಲೀವಿಂಗ್ ಲೆಟರ್‌ನಲ್ಲಿ `Savita Sharanappa Biradar` ಎಂದೂ, ಕಂಪನಿಯ ಇಮೇಲ್‌ನಲ್ಲಿ ಸವಿತಾ ಬಿರಾದಾರ ಎಂಬ ಎರಡೇ ಪದಗಳೂ ಇದ್ದವು ಎಂದುಕೊಳ್ಳೋಣ. ಅಂದ ಮೇಲೆ ಅವರು ಉಳಿಸಿಕೊಳ್ಳಬೇಕಾದ ಹಳೆಯ ಹೆಸರು `Savita Biradar`. ತಂದೆಯ ಹೆಸರು ಕಡತದಲ್ಲಿದ್ದರೂ ಅದನ್ನು ಸೇರಿಸಿ ಯಾರೂ ಹುಡುಕುವುದಿಲ್ಲ.

## ಹಂತ 3: ಮೊದಲು ಹಳೆಯ ಹೆಸರನ್ನು ಅದರ ಜಾಗದಲ್ಲಿ ಕೂರಿಸಿ

ಪ್ರೊಫೈಲ್ ತೆರೆದು, ಹೆಸರಿನ ಪಕ್ಕದ ಪೆನ್ಸಿಲ್ ಚಿಹ್ನೆಯನ್ನು ಒತ್ತಿದರೆ ಹೆಸರಿನ ಭಾಗ ತೆರೆದುಕೊಳ್ಳುತ್ತದೆ. ಅಲ್ಲಿ `First name`, `Last name` ಇವುಗಳ ಜೊತೆಗೆ `Additional name` ಎಂಬ ಮೂರನೆಯ ಅಂಕಣವಿದೆ. ಮದುವೆಗೆ ಮುಂಚಿನ ಹೆಸರು, ಹಿಂದಿನ ಹೆಸರು, ಕರೆಯುವ ಹೆಸರು ಇವುಗಳಿಗಾಗಿಯೇ ಇರುವ ಜಾಗ ಅದು. ತುಂಬಿದರೆ ಮುಖ್ಯ ಹೆಸರಿನ ಪಕ್ಕದಲ್ಲಿ ಆವರಣ ಚಿಹ್ನೆಯೊಳಗೆ ಕಾಣುತ್ತದೆ.

ಸದ್ಯಕ್ಕೆ ಮೊದಲೆರಡು ಅಂಕಣಗಳನ್ನು ಮುಟ್ಟದೆ, ಮೂರನೆಯದರಲ್ಲಿ ಮಾತ್ರ ಹಳೆಯ ಹೆಸರನ್ನು ಬರೆದು ಉಳಿಸಿ. ಸ್ವಂತ ಹೆಸರು ಬದಲಾಗಿಲ್ಲದಿದ್ದರೆ `Biradar` ಎಂಬ ಅಡ್ಡಹೆಸರೊಂದೇ ಸಾಕು. ಸ್ವಂತ ಹೆಸರೂ ಬದಲಾಗಿದ್ದರೆ ಹಳೆಯ ಪೂರ್ಣ ಹೆಸರನ್ನೇ ಬರೆಯಿರಿ. ಒಂದೆರಡು ದಿನ ಮುಖ್ಯ ಹೆಸರಿನಲ್ಲಿಯೂ ಇಲ್ಲಿಯೂ ಬಿರಾದಾರ ಎಂದೇ ಕಾಣಿಸಿ ವಿಚಿತ್ರವೆನಿಸಬಹುದು, ಅದರಿಂದ ತೊಂದರೆಯಿಲ್ಲ.

ಈ ಅಂಕಣದ ಪಕ್ಕದಲ್ಲಿಯೇ ಯಾರಿಗೆ ಕಾಣಬೇಕು ಎಂಬ ಆಯ್ಕೆಯಿದ್ದು, ಹೆಚ್ಚಿನವರು ಎಡವುವುದು ಅಲ್ಲಿಯೇ. ಸಂಪರ್ಕದಲ್ಲಿರುವವರಿಗೆ ಮಾತ್ರ ಎಂದು ಇಟ್ಟರೆ ಈಗಾಗಲೇ ಪರಿಚಯದ ಪಟ್ಟಿಯಲ್ಲಿರುವವರಿಗಷ್ಟೇ ಹಳೆಯ ಹೆಸರು ಕಾಣುತ್ತದೆ, ನೀವು ತಲುಪಬೇಕಾದವರು ಪಟ್ಟಿಯ ಹೊರಗೇ ಉಳಿಯುತ್ತಾರೆ. ಎಲ್ಲ ಸದಸ್ಯರಿಗೂ ಕಾಣುವ ಆಯ್ಕೆಯನ್ನೇ ಇಟ್ಟುಕೊಳ್ಳಿ.

ಇದಕ್ಕೆ ಒಂದು ಗಂಭೀರ ಅಪವಾದವಿದೆ. ವಿಚ್ಛೇದನದ ನಂತರ ಕಿರುಕುಳದಿಂದ ದೂರ ಬಂದವರು, ಲಿಂಗಪರಿವರ್ತನೆಯ ನಂತರ ಕಾನೂನು ಪ್ರಕಾರ ಹೆಸರು ಬದಲಿಸಿಕೊಂಡವರು, ಅಥವಾ ಹಳೆಯ ಹೆಸರು ಯಾರ ಕಣ್ಣಿಗೂ ಬೀಳಬಾರದೆಂದು ಬಯಸುವ ಯಾರೇ ಆಗಲಿ, ಈ ಅಂಕಣವನ್ನು ಖಾಲಿ ಬಿಡಬೇಕು. ಅವರು ಮೂರನೆಯ ಹಂತವನ್ನು ಬಿಟ್ಟು, ಐದು ಮತ್ತು ಏಳನೆಯ ಹಂತಗಳನ್ನು ಗಟ್ಟಿಯಾಗಿ ಹಿಡಿಯಲಿ. ಹಳೆಯ ಹೆಸರನ್ನು ಎಲ್ಲಿಯೂ ಪ್ರಕಟಿಸದೆಯೂ ಬೇಕಾದವರಿಗೆ ಮಾತ್ರ ಸಿಗುವ ದಾರಿಗಳು ಅವು.

ಎರಡು ಸಲ ಹೆಸರು ಬದಲಾದವರು ಕೇಳುತ್ತಾರೆ, ಇಲ್ಲಿ ಯಾವುದನ್ನು ಹಾಕಬೇಕೆಂದು. ಹೆಚ್ಚು ವರ್ಷ ಕೆಲಸ ಮಾಡಿದ ಕಂಪನಿಯಲ್ಲಿ ಯಾವ ಹೆಸರಿತ್ತೋ ಅದನ್ನು ಇಲ್ಲಿ ಹಾಕಿ, ಇನ್ನೊಂದನ್ನು ಆರನೆಯ ಹಂತದಲ್ಲಿ ಹೇಳುವಂತೆ ಪರಿಚಯದ ಬರಹದೊಳಗೆ ಸೇರಿಸಿ.

## ಹಂತ 4: ಈಗ ಹೊಸ ಹೆಸರನ್ನು ಮುಂದಕ್ಕೆ ತನ್ನಿ

ಎರಡು ಮೂರು ದಿನಗಳ ನಂತರ ಅದೇ ಪೆನ್ಸಿಲ್ ಚಿಹ್ನೆ ಒತ್ತಿ, ಕೊನೆಯ ಹೆಸರನ್ನು ಬದಲಿಸಿ. ಸವಿತಾ ಅವರ ಅಂಕಣಗಳು ಹೀಗಿರಬೇಕು:

```
First name:      Savita
Last name:       Patil
Additional name: Biradar
```

ಲಿಂಕ್ಡ್‌ಇನ್‌ನಲ್ಲಿ ನಡುವಿನ ಹೆಸರಿಗೆ ಪ್ರತ್ಯೇಕ ಅಂಕಣವಿಲ್ಲ. ಅದಕ್ಕಾಗಿ ಗಂಡನ ಹೆಸರನ್ನು ಮೊದಲ ಅಂಕಣದಲ್ಲಿಯೇ ಸೇರಿಸಿ ‘ಸವಿತಾ ಮಹೇಶ’ ಎಂದು ಬರೆಯುವುದನ್ನು ನಮ್ಮ ಕಡೆ ಬಹಳ ನೋಡುತ್ತೇನೆ. ಹಳೆಯ ಸಹೋದ್ಯೋಗಿಗೆ ಮಹೇಶ ಎಂದರೆ ಯಾರೆಂದೇ ತಿಳಿಯದು. ಫಲಿತಾಂಶದ ಪಟ್ಟಿಯಲ್ಲಿ ಆ ಹೆಸರು ಕಂಡರೆ ಇದು ಬೇರೆ ಯಾರೋ ಸವಿತಾ ಎಂದು ಮುಂದೆ ಸಾಗುತ್ತಾರೆ. ಆ ಹೆಸರು ದಾಖಲೆಗಳಲ್ಲಿರಲಿ, ಇಲ್ಲಿ ಬೇಡ. ಹಾಗೆಯೇ ‘ಸವಿತಾ ಎಂ. ಪಿ.’ ಎಂಬಂತೆ ಬರೀ ಇನಿಷಿಯಲ್ ಇಟ್ಟರೆ ಅಡ್ಡಹೆಸರಿನಿಂದ ಹುಡುಕುವ ದಾರಿಯೇ ಮುಚ್ಚಿಹೋಗುತ್ತದೆ.

ಹೆಸರಿನ ಅಂಕಣಗಳಲ್ಲಿ ಹೆಸರಲ್ಲದೆ ಬೇರೇನೂ ಇರಕೂಡದು. ಅಂಕಿ, ಚಿಹ್ನೆ, ಫೋನ್ ನಂಬರ್, ‘ಮದುವೆಗೆ ಮುಂಚೆ ಬಿರಾದಾರ’ ಎಂಬಂಥ ವಿವರಣೆ ಇವೆಲ್ಲ ನಿಯಮಕ್ಕೆ ವಿರುದ್ಧ, ಮತ್ತು ಖಾತೆಗೆ ನಿರ್ಬಂಧ ಬೀಳುವುದಕ್ಕೆ ಕಾರಣವಾಗಬಹುದು. ಮುಖ್ಯ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆಯುವ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಹೈದರಾಬಾದಿನಲ್ಲಿ ಕುಳಿತವರು ಕನ್ನಡದಲ್ಲಿ ಟೈಪ್ ಮಾಡಿ ಹುಡುಕುವುದಿಲ್ಲ; ಕನ್ನಡದ ಹೆಸರು ಪರಿಚಯದ ಬರಹದಲ್ಲಿರಲಿ.

ಪ್ರೊಫೈಲ್‌ನಲ್ಲಿ ಗುರುತಿನ ಪರಿಶೀಲನೆಯ ಚಿಹ್ನೆ ಇರುವವರು ಇನ್ನೂ ಒಂದು ವಿಷಯ ಗಮನಿಸಬೇಕು. ಭಾರತದಲ್ಲಿ ಆ ಪರಿಶೀಲನೆ ಆಧಾರ್ ಆಧಾರಿತವಾಗಿ, ಡಿಜಿಲಾಕರ್ ಮೂಲಕ ನಡೆಯುತ್ತದೆ. ಆಧಾರ್‌ನಲ್ಲಿ ಇನ್ನೂ ಬಿರಾದಾರ ಎಂದಿರುವಾಗ ಪ್ರೊಫೈಲನ್ನು ಪಾಟೀಲ ಎಂದು ಮಾಡಿದರೆ ಆ ಚಿಹ್ನೆ ಹೋಗಬಹುದು. ಆದ್ದರಿಂದ ಆಧಾರ್ ತಿದ್ದುಪಡಿ ಮೊದಲು, ಪ್ರೊಫೈಲ್ ನಂತರ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ ಮಾತ್ರ ತಿದ್ದಿಸಲು ಅವಕಾಶವಿದೆ. ಕಾಗುಣಿತ ತಪ್ಪಿದರೆ ಒಂದು ಅವಕಾಶ ವ್ಯರ್ಥವಾಗುತ್ತದೆ; ಆಧಾರ್ ಕೇಂದ್ರದಲ್ಲಿ ಅರ್ಜಿ ಒಪ್ಪಿಸುವ ಮೊದಲು ಪರದೆಯ ಮೇಲಿನ ಕನ್ನಡ ಮತ್ತು ಇಂಗ್ಲಿಷ್ ಎರಡೂ ರೂಪಗಳನ್ನು ಅಕ್ಷರ ಅಕ್ಷರವಾಗಿ ಓದಿ.

ಹೆಸರು ಬದಲಿಸಿದ ವಾರವೇ ಫೋಟೋವನ್ನೂ ಬದಲಿಸಬೇಡಿ. ಅಡ್ಡಹೆಸರು ಹೊಸದಾದಾಗ ಜನ ಗುರುತು ಹಿಡಿಯುವುದು ಮುಖದಿಂದ. ಕನಿಷ್ಠ ಎರಡು ಮೂರು ತಿಂಗಳು ಹಳೆಯ ಫೋಟೋ ಇರಲಿ.

## ಹಂತ 5: ಹೆಸರೇ ನೆನಪಿಲ್ಲದವರಿಗೂ ದಾರಿ ಮಾಡಿಕೊಡಿ

ಹಲವರಿಗೆ ನಿಮ್ಮ ಅಡ್ಡಹೆಸರೇ ನೆನಪಿರುವುದಿಲ್ಲ. ‘ಟೆಸ್ಟಿಂಗ್‌ನಲ್ಲಿ ಗುಲ್ಬರ್ಗಾದ ಸವಿತಾ ಇದ್ದರಲ್ಲ’ ಎಂಬಷ್ಟೇ ನೆನಪಿರುತ್ತದೆ. ಅಂಥವರು ಸ್ವಂತ ಹೆಸರನ್ನು ಬರೆದು, ಜನರನ್ನು ಹುಡುಕುವ ಪುಟದಲ್ಲಿ `Past company` ಎಂಬ ಸೋಸುವಿಕೆಯನ್ನು ಹಾಕುತ್ತಾರೆ. ಎಚ್.ಆರ್. ವಿಭಾಗದವರು ಹಳೆಯ ನೌಕರರನ್ನು ಹುಡುಕುವುದೂ ಹೀಗೆಯೇ.

ಈ ದಾರಿ ಕೆಲಸ ಮಾಡಬೇಕಾದರೆ ಅನುಭವದ ವಿಭಾಗದಲ್ಲಿ ನೀವು ಬರೆದ ಕಂಪನಿಯ ಹೆಸರು ಆ ಕಂಪನಿಯ ಅಧಿಕೃತ ಪುಟಕ್ಕೆ ಜೋಡಣೆಯಾಗಿರಬೇಕು. ಜೋಡಣೆಯಾಗಿದ್ದರೆ ಕಂಪನಿಯ ಲಾಂಛನ ಪಕ್ಕದಲ್ಲಿ ಕಾಣುತ್ತದೆ. ಬೂದು ಬಣ್ಣದ ಖಾಲಿ ಚೌಕ ಕಂಡರೆ ನೀವು ಹೆಸರನ್ನು ಕೈಯಿಂದ ಟೈಪ್ ಮಾಡಿ ಮುಂದೆ ಹೋಗಿದ್ದೀರಿ ಎಂದರ್ಥ. ಆಗ ಸೋಸುವಿಕೆಯಲ್ಲಿ ನೀವು ಬರುವುದಿಲ್ಲ. ಆ ಅಂಕಣವನ್ನು ತೆರೆದು, ಕಂಪನಿಯ ಹೆಸರಿನ ಮೊದಲ ಕೆಲವು ಅಕ್ಷರ ಬರೆದು, ಕೆಳಗೆ ಇಳಿಯುವ ಪಟ್ಟಿಯಿಂದಲೇ ಆರಿಸಿ. ನೀವು ಬಿಟ್ಟ ನಂತರ ಕಂಪನಿಯ ಹೆಸರೇ ಬದಲಾಗಿದ್ದರೆ ಈಗಿನ ಪುಟಕ್ಕೆ ಜೋಡಿಸಿ, ಹಳೆಯ ಹೆಸರನ್ನು ಕೆಲಸದ ವಿವರಣೆಯಲ್ಲಿ ಬರೆಯಿರಿ.

ಕಾಲೇಜಿನ ಹೆಸರಿಗೂ ಇದೇ ಮಾತು. ನಮ್ಮ ಊರಿನ ಮಟ್ಟಿಗೆ ಇನ್ನೊಂದು ತೊಡಕಿದೆ. 2014ರ ನವೆಂಬರ್ 1ರಂದು ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿ ಆಯಿತು, ವಿಶ್ವವಿದ್ಯಾಲಯ ಮಾತ್ರ ಗುಲ್ಬರ್ಗಾ ವಿಶ್ವವಿದ್ಯಾಲಯವೆಂದೇ ಉಳಿಯಿತು. ಹೊರಗಿನ ಸಹೋದ್ಯೋಗಿಗಳ ನಾಲಿಗೆಯಲ್ಲಿ ಇಂದಿಗೂ ಹಳೆಯ ಹೆಸರೇ ಇದೆ. ಪ್ರೊಫೈಲ್‌ನ ಸ್ಥಳ ಕಲಬುರಗಿ ಎಂದೇ ಇರಲಿ, ಪರಿಚಯದ ಬರಹದಲ್ಲಿ ಒಂದು ಸಲ `Gulbarga` ಎಂಬ ಪದವೂ ಬರಲಿ.

## ಹಂತ 6: ಪರಿಚಯದ ಬರಹದಲ್ಲಿ ಒಂದು ವಾಕ್ಯ, ಹಳೆಯ ವಿಳಾಸ ಹಾಗೆಯೇ

`About` ವಿಭಾಗದ ಕೊನೆಯಲ್ಲಿ ಹಳೆಯ ಹೆಸರು, ವರ್ಷ ಮತ್ತು ಕೆಲಸ ಮೂರೂ ಇರುವ ಒಂದು ನೇರ ವಾಕ್ಯ ಸಾಕು:

```
I worked as Savita Biradar (also spelt Savitha)
in software testing, Hyderabad, 2016 to 2021.
From Gulbarga, now in Bidar.
```

ಎರಡನೆಯ ಕಾಗುಣಿತಕ್ಕೆ ಜಾಗ ಸಿಗುವುದು ಇಲ್ಲಿಯೇ. ಕಾರಣ, ಮದುವೆ, ಕುಟುಂಬ ಇವನ್ನೆಲ್ಲ ವಿವರಿಸುವ ಅಗತ್ಯವಿಲ್ಲ.

ಇನ್ನು ಪ್ರೊಫೈಲ್‌ನ ವಿಳಾಸ, ಅಂದರೆ `linkedin.com/in/` ನಂತರ ಬರುವ ಭಾಗ. ಅದರಲ್ಲಿ ಹಳೆಯ ಅಡ್ಡಹೆಸರಿದೆಯೆಂದು ಅನೇಕರು ಹೆಸರಿನ ಜೊತೆಗೇ ಅದನ್ನೂ ಬದಲಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದನ್ನು ಮುಟ್ಟಬಾರದು. ನೀವು ಹಿಂದೆ ಕಳಿಸಿದ ಪ್ರತಿಯೊಂದು ರೆಸ್ಯೂಮೆಯಲ್ಲಿ, ಹಳೆಯ ಇಮೇಲ್‌ಗಳ ಕೊನೆಯಲ್ಲಿ, ಎಚ್.ಆರ್. ಕಡತಗಳಲ್ಲಿ ಅಚ್ಚಾಗಿ ಕುಳಿತಿರುವುದು ಆ ವಿಳಾಸವೇ. ನೀವು ಬಿಟ್ಟುಕೊಟ್ಟ ವಿಳಾಸವನ್ನು ಮುಂದೆ ಅದೇ ಹೆಸರಿನ ಬೇರೊಬ್ಬರು ಪಡೆಯುವ ಸಾಧ್ಯತೆಯೂ ಇದೆ, ಆಗ ನಿಮ್ಮ ರೆಸ್ಯೂಮೆಯ ಕೊಂಡಿ ಅವರ ಪ್ರೊಫೈಲ್‌ಗೆ ಹೋಗುತ್ತದೆ. ಹಳೆಯ ಹೆಸರನ್ನು ಪೂರ್ತಿ ಮರೆಮಾಡಬೇಕಾದವರು ಮಾತ್ರ ಇದನ್ನು ಬದಲಿಸಲಿ.

## ಹಂತ 7: ಬೇಕಾದವರಿಗೆ ನೀವೇ ತಿಳಿಸಿ

ಹೆಸರು ಬದಲಾದದ್ದನ್ನು ತಾಣವೇ ಎಲ್ಲರಿಗೂ ತಿಳಿಸುತ್ತದೆ ಎಂದು ಕಾಯಬೇಡಿ. ನಿಮ್ಮ ಕೆಲಸವನ್ನು ಕಣ್ಣಾರೆ ಕಂಡ ಹದಿನೈದು ಇಪ್ಪತ್ತು ಜನರ ಪಟ್ಟಿ ಮಾಡಿ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆಯಿರಿ. ಮ್ಯಾನೇಜರ್ ಕನ್ನಡದವರಾಗಿದ್ದರೆ ಸಂದೇಶ ಹೀಗಿರಬಹುದು:

‘ನಮಸ್ಕಾರ ಸರ್, ನಾನು ಸವಿತಾ ಬಿರಾದಾರ. 2018ರಿಂದ 2021ರವರೆಗೆ ಹೈದರಾಬಾದಿನಲ್ಲಿ ನಿಮ್ಮ ಟೆಸ್ಟಿಂಗ್ ತಂಡದಲ್ಲಿದ್ದೆ. ಮದುವೆಯ ನಂತರ ನನ್ನ ಹೆಸರು ಸವಿತಾ ಪಾಟೀಲ ಎಂದಾಗಿದೆ, ಲಿಂಕ್ಡ್‌ಇನ್ ಖಾತೆ ಮೊದಲಿನದೇ. ಯಾರಾದರೂ ನನ್ನ ಬಗ್ಗೆ ವಿಚಾರಿಸಿದರೆ ಎರಡೂ ಹೆಸರು ಒಬ್ಬರದೇ ಎಂದು ತಿಳಿಸಬೇಕೆಂದು ಕೋರುತ್ತೇನೆ.’

ಹಳೆಯ ಹೆಸರು ಮೊದಲ ವಾಕ್ಯದಲ್ಲಿಯೇ ಬರಬೇಕು. ಹೊಸ ಹೆಸರಿನಿಂದ ಆರಂಭಿಸಿದ ಸಂದೇಶವನ್ನು ಅಪರಿಚಿತರದೆಂದು ತೆರೆಯದೆ ಬಿಟ್ಟವರನ್ನು ನಾನು ನೋಡಿದ್ದೇನೆ. ಹಿಂದೆ ಶಿಫಾರಸು ಬರೆದುಕೊಟ್ಟವರ ಬರಹದಲ್ಲಿ ನಿಮ್ಮ ಹಳೆಯ ಅಡ್ಡಹೆಸರು ಇದ್ದರೆ ಅದು ತಾನಾಗಿ ಬದಲಾಗುವುದಿಲ್ಲ, ತಿದ್ದಿಕೊಡುವಂತೆ ಅವರನ್ನು ಕೇಳಲು ಅವಕಾಶವಿದೆ. ಹಾಗೆಯೇ ಬಿಟ್ಟರೂ ನಡೆಯುತ್ತದೆ; ಹಳೆಯ ಹೆಸರಿಗೆ ಅದೂ ಒಂದು ಸಾಕ್ಷಿ.

## ಹಂತ 8: ಹೊರಗಿನಿಂದ ಪರೀಕ್ಷಿಸಿ

ಒಂದು ವಾರ ಬಿಟ್ಟು, ಸಂಪರ್ಕದಲ್ಲಿಲ್ಲದ ಆ ಸ್ನೇಹಿತರಿಗೆ ಮೂರು ಹುಡುಕಾಟ ಮಾಡಲು ಹೇಳಿ: ಹಳೆಯ ಪೂರ್ಣ ಹೆಸರು, ಸ್ವಂತ ಹೆಸರಿನ ಜೊತೆ ಹಳೆಯ ಕಂಪನಿಯ ಸೋಸುವಿಕೆ, ಮತ್ತು ಹಳೆಯ ರೆಸ್ಯೂಮೆಯಲ್ಲಿರುವ ಕೊಂಡಿ. ಮೊದಲನೆಯದರಲ್ಲಿ ಸಿಗದಿದ್ದರೆ ಹಂತ 3ರ ಆಯ್ಕೆ ಸಂಪರ್ಕದವರಿಗೆ ಮಾತ್ರ ಎಂದಿರಬಹುದು. ಎರಡನೆಯದರಲ್ಲಿ ಸಿಗದಿದ್ದರೆ ಕಂಪನಿಯ ಪುಟ ಜೋಡಣೆಯಾಗಿಲ್ಲ. ಮೂರನೆಯದು ತೆರೆಯದಿದ್ದರೆ ನೀವು ಎಂದೋ ವಿಳಾಸ ಬದಲಿಸಿದ್ದೀರಿ.

ಅದರ ನಂತರ ಲಾಗಿನ್ ಇಲ್ಲದ ಬ್ರೌಸರ್‌ನಲ್ಲಿ ಗೂಗಲ್ ತೆರೆದು ಹೀಗೆ ಹುಡುಕಿ:

```
site:linkedin.com/in "Savita Biradar"
```

ಇಲ್ಲಿ ಬದಲಾವಣೆ ಕಾಣಲು ಕೆಲವು ವಾರಗಳೇ ಬೇಕಾಗಬಹುದು. ಅಲ್ಲಿಯವರೆಗೆ ಹಳೆಯ ಹೆಸರೇ ಕಂಡರೆ ಗಾಬರಿಯಿಂದ ಮತ್ತೆ ಮತ್ತೆ ಹೆಸರು ತಿದ್ದಬೇಡಿ. ಪದೇ ಪದೇ ಬದಲಾಗುವ ಹೆಸರು ನಕಲಿ ಖಾತೆಯ ಲಕ್ಷಣದಂತೆ ಕಾಣುತ್ತದೆ. ತಿಂಗಳುಗಳು ಕಳೆದರೂ ಏನೂ ಸಿಗದಿದ್ದರೆ ಸಾರ್ವಜನಿಕ ಪ್ರೊಫೈಲ್ ಮುಚ್ಚಿದೆಯೇ ಎಂದು `Visibility` ಅಡಿಯಲ್ಲಿ ನೋಡಿ.

## ಹಂತ 9: ಹಳೆಯ ಕಂಪನಿಯ ಕಡತದೊಂದಿಗೆ ಹೊಸ ಹೆಸರನ್ನು ಬೆಸೆಯಿರಿ

ಸಹೋದ್ಯೋಗಿಗಳಿಗೆ ಸಿಕ್ಕರೂ ಹಿಂದಿನ ಕಂಪನಿಗೆ ಸಿಗದಿರುವುದು ಸಾಧ್ಯ. ಹೊಸ ಕಂಪನಿ ನಿಮ್ಮ ಹಿನ್ನೆಲೆ ಪರಿಶೀಲನೆಗೆಂದು ‘ಸವಿತಾ ಪಾಟೀಲ ನಿಮ್ಮಲ್ಲಿ ಕೆಲಸ ಮಾಡಿದ್ದರೇ’ ಎಂದು ಕೇಳಿದಾಗ, ಹಳೆಯ ಕಂಪನಿ ತನ್ನ ಕಡತ ನೋಡಿ ಅಂಥವರು ಇರಲಿಲ್ಲ ಎಂದು ಉತ್ತರಿಸುತ್ತದೆ. ಅವರ ದೃಷ್ಟಿಯಲ್ಲಿ ಅದು ಸರಿಯಾದ ಉತ್ತರವೇ.

ಇದನ್ನು ತಪ್ಪಿಸಲು ಕೆಲಸಕ್ಕೆ ಅರ್ಜಿ ಹಾಕುವ ಮೊದಲೇ ಹಳೆಯ ಕಂಪನಿಯ ಎಚ್.ಆರ್. ವಿಭಾಗಕ್ಕೆ ಒಂದು ಇಮೇಲ್ ಕಳಿಸಿ. ಅದರಲ್ಲಿ ಹಳೆಯ ಹೆಸರು, ನೌಕರರ ಸಂಖ್ಯೆ, ಸೇರಿದ ಮತ್ತು ಬಿಟ್ಟ ದಿನಾಂಕ, ಹೊಸ ಹೆಸರು ಇಷ್ಟಿರಲಿ. ಜೊತೆಗೆ ವಿವಾಹ ನೋಂದಣಿ ಪ್ರಮಾಣಪತ್ರ ಅಥವಾ ಹೆಸರು ಬದಲಾವಣೆಯ ರಾಜ್ಯಪತ್ರದ ಪ್ರತಿಯನ್ನು ಲಗತ್ತಿಸಿ. ನೌಕರರ ಸಂಖ್ಯೆ ಕೊಟ್ಟರೆ ಹುಡುಕುವವರು ಹೆಸರನ್ನು ಅವಲಂಬಿಸಬೇಕಾಗಿಲ್ಲ. ಅದು ರಿಲೀವಿಂಗ್ ಲೆಟರ್‌ನಲ್ಲಿ ಸಿಗುತ್ತದೆ. ವಿವಾಹ ನೋಂದಣಿ ಮಾಡಿಸಿರದವರು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅದನ್ನು ಮೊದಲು ಮುಗಿಸಿಕೊಳ್ಳಬೇಕು, ಏಕೆಂದರೆ ಮದುವೆಯ ಆಮಂತ್ರಣ ಪತ್ರಿಕೆಯನ್ನು ಯಾವ ಎಚ್.ಆರ್. ವಿಭಾಗವೂ ಪುರಾವೆಯೆಂದು ಒಪ್ಪುವುದಿಲ್ಲ.

ರಿಲೀವಿಂಗ್ ಲೆಟರನ್ನೇ ಹೊಸ ಹೆಸರಿನಲ್ಲಿ ಬರೆದುಕೊಡಿ ಎಂದು ಕೇಳಬೇಡಿ. ಆ ದಿನಾಂಕದಂದು ಇದ್ದ ಹೆಸರು ಅದರಲ್ಲಿರುವುದೇ ಸರಿ, ಮತ್ತು ಹಳೆಯ ದಿನಾಂಕದ ಪತ್ರದಲ್ಲಿ ಹೊಸ ಹೆಸರು ಕಂಡರೆ ಪರಿಶೀಲಿಸುವವರಿಗೆ ಅನುಮಾನ ಬರುತ್ತದೆ. ಎರಡೂ ಹೆಸರು ಒಬ್ಬರದೇ ಎಂದು ಕಂಪನಿ ಇಮೇಲ್‌ನಲ್ಲಿ ಉತ್ತರಿಸಿದರೆ ಅಷ್ಟು ಸಾಕು. ಆ ಉತ್ತರವನ್ನು ಮುದ್ರಿಸಿ ರಿಲೀವಿಂಗ್ ಲೆಟರ್‌ನ ಹಿಂದೆ ಸೇರಿಸಿಡಿ.

ಪಿ.ಎಫ್. ಖಾತೆಯ 12 ಅಂಕಿಯ ಯು.ಎ.ಎನ್. ಅಡಿಯಲ್ಲಿರುವ ಹೆಸರನ್ನೂ ನೋಡಿ. ಹಿನ್ನೆಲೆ ಪರಿಶೀಲಿಸುವವರು ಹಲವು ಸಲ ಹಳೆಯ ಕಂಪನಿಯ ಉತ್ತರಕ್ಕಾಗಿ ಕಾಯದೆ ಆ ದಾಖಲೆಯನ್ನೇ ನೋಡುತ್ತಾರೆ. ಆಧಾರ್ ತಿದ್ದಿಸಿ ಇದನ್ನು ಹಾಗೆಯೇ ಬಿಟ್ಟಿದ್ದರೆ ಹೊಸ ಕೆಲಸಕ್ಕೆ ಸೇರಿದ ದಿನ ಎರಡೂ ಹೊಂದುವುದಿಲ್ಲ. ಆಧಾರ್ ಮೊದಲು, ನಂತರ ಪ್ಯಾನ್, ಆಮೇಲೆ ಯು.ಎ.ಎನ್. ಎಂಬ ಕ್ರಮದಲ್ಲಿ ತಿದ್ದಿಸಿ, ಮೂರರಲ್ಲಿಯೂ ಕಾಗುಣಿತ ಒಂದೇ ಇರುವಂತೆ ನೋಡಿಕೊಳ್ಳಿ.